ಆಳ ಸಮುದ್ರದ ನಿಧಾನ ಹರಿವು: ಥರ್ಮೋಹೇಲೈನ್ ಸರ್ಕ್ಯುಲೇಷನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಥರ್ಮೋಹೇಲೈನ್ ಸರ್ಕ್ಯುಲೇಷನ್ ಅಂದರೆ ಏನು?

ಸಮುದ್ರದ ಮೇಲಿನ ನೀರು ಕೆಲವೇ ಕೆಲವು ಕಡೆ ಚಳಿಗೆ ಭಾರವಾಗಿ ಆಳಕ್ಕೆ ಇಳಿಯುತ್ತದೆ. ಇಳಿದ ನೀರು ತಳದ ಹತ್ತಿರ ಸಾವಿರಾರು ಕಿಲೋಮೀಟರ್ ಹರಿದು, ಬೇರೆ ಸಾಗರಗಳನ್ನು ತಲುಪಿ, ನೂರಾರು ವರ್ಷಗಳ ನಂತರ ಮೇಲೆ ಬರುತ್ತದೆ. ಮೇಲೆ ಬಂದದ್ದು ಮತ್ತೆ ಮುಳುಗುವ ಜಾಗದ ಕಡೆಗೆ ಸಾಗುತ್ತದೆ. ಈ ದೊಡ್ಡ ಸುತ್ತಾಟದ ಹೆಸರೇ ಥರ್ಮೋಹೇಲೈನ್ ಸರ್ಕ್ಯುಲೇಷನ್. ನೀರು ಎಷ್ಟು ಭಾರ ಅನ್ನೋದನ್ನು ತೀರ್ಮಾನಿಸುವುದು ಎರಡು ಸಂಗತಿ: ಅದರ ಉಷ್ಣಾಂಶ ಮತ್ತು ಅದರಲ್ಲಿರುವ ಉಪ್ಪು.

ಇದರ ಅಟ್ಲಾಂಟಿಕ್ ಭಾಗವನ್ನು ವಿಜ್ಞಾನಿಗಳು ಚಿಕ್ಕದಾಗಿ 'ಅಮೋಕ್' ಅನ್ನುತ್ತಾರೆ. ಸುದ್ದಿಯಲ್ಲಿ ಬರೋದು ಜಾಸ್ತಿ ಇದೇ ಭಾಗ. ಈ ಪುಟದಲ್ಲೂ ಅದೇ ಮುಖ್ಯ.

ಆಳದ ನೀರು ತಣ್ಣಗಿದೆ ಅಂತ ಮೊದಲು ಗೊತ್ತಾಗಿದ್ದು ಹೇಗೆ?

1751ರಲ್ಲಿ. ಹೆನ್ರಿ ಎಲ್ಲಿಸ್ ಎಂಬ ಇಂಗ್ಲಿಷ್ ಕ್ಯಾಪ್ಟನ್ ಆಫ್ರಿಕಾದ ಪಶ್ಚಿಮಕ್ಕೆ, ಬಿಸಿ ಅಟ್ಲಾಂಟಿಕ್‌ನಲ್ಲಿ ಹೋಗುತ್ತಿದ್ದ. ಗುಲಾಮರನ್ನು ಸಾಗಿಸುವ ಹಡಗು ಅದು. ಸ್ಟೀಫನ್ ಹೇಲ್ಸ್ ಎಂಬ ಪಾದ್ರಿ ಮಾಡಿಕೊಟ್ಟ, ಮುಚ್ಚಳವಿರುವ ವಿಶೇಷ ಬಕೆಟ್ ಒಂದು ಅವನ ಬಳಿ ಇತ್ತು. ಅದಕ್ಕೆ ಥರ್ಮಾಮೀಟರ್ ಕಟ್ಟಿ ಹಗ್ಗದಲ್ಲಿ ಇಳಿಬಿಟ್ಟ. ಮೇಲಿನ ನೀರು 84 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 29 ಡಿಗ್ರಿ. 3,900 ಅಡಿ ಆಳದಿಂದ ಬಂದ ಬಕೆಟ್‌ನಲ್ಲಿ 53, ಅಂದರೆ ಸುಮಾರು 12 ಡಿಗ್ರಿ. ಬಕೆಟ್ ಮೇಲೆ ಬರುವ ದಾರಿಯಲ್ಲಿ ಒಂದಿಷ್ಟು ಬಿಸಿಯಾಗಿರಲೇಬೇಕು, ಆದ್ದರಿಂದ ಕೆಳಗಿದ್ದ ನೀರು ಇನ್ನೂ ತಣ್ಣಗಿತ್ತು. ಎಲ್ಲಿಸ್ ಆ ನೀರನ್ನು ವೈನ್ ತಂಪು ಮಾಡಲು ಬಳಸಿಕೊಂಡ, ಅಷ್ಟೇ.

ಅದರ ಅರ್ಥ ಹಿಡಿದದ್ದು ಕೌಂಟ್ ರಮ್‌ಫೋರ್ಡ್ ಎಂಬ ವಿಜ್ಞಾನಿ, 1798ರಲ್ಲಿ. ಅವನ ವಾದ ಸರಳ. ಉಷ್ಣವಲಯದಲ್ಲಿ ವರ್ಷವಿಡೀ ಬಿಸಿಲು. ಅಲ್ಲಿ ಯಾವ ಕಾಲದಲ್ಲೂ ಮೇಲಿನ ನೀರು ಅಷ್ಟು ತಣ್ಣಗಾಗಲ್ಲ. ಹಾಗಾದರೆ ಕೆಳಗಿನ ತಣ್ಣೀರು ಅಲ್ಲಿ ಹುಟ್ಟಿದ್ದಲ್ಲ, ಧ್ರುವದ ಕಡೆಯಿಂದ ತಳದಲ್ಲಿ ಹರಿದು ಬಂದಿರಬೇಕು. ತಳದಲ್ಲಿ ನೀರು ಈ ಕಡೆ ಬಂದರೆ ಮೇಲೆ ಆ ಕಡೆ ಹೋಗಲೇಬೇಕು. ಒಂದು ಥರ್ಮಾಮೀಟರ್ ಕೊಟ್ಟ ಅಂಕಿಯಿಂದ ಇಡೀ ಸುತ್ತಾಟವನ್ನು ಊಹಿಸಿಬಿಟ್ಟಿದ್ದ.

ಚಳಿ ಮುಖ್ಯವೋ, ಉಪ್ಪು ಮುಖ್ಯವೋ?

ಚಳಿ ಇಲ್ಲದೆ ಆಗಲ್ಲ. ಆದರೆ ಯಾವ ಸಾಗರದಲ್ಲಿ ಮುಳುಗಬೇಕು ಅಂತ ತೀರ್ಮಾನಿಸುವುದು ಉಪ್ಪು. ಲೆಕ್ಕ ಹಾಕಿ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ.

ಉತ್ತರ ಪೆಸಿಫಿಕ್‌ನ ಮೇಲಿನ ನೀರಿನಲ್ಲಿ ಕಿಲೋಗೆ ಸುಮಾರು 33 ಗ್ರಾಂ ಉಪ್ಪಿರುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಸುಮಾರು 35. ಎರಡು ಗ್ರಾಂ ವ್ಯತ್ಯಾಸ, ಕುಡಿದು ನೋಡಿದರೆ ನಾಲಿಗೆಗೆ ಗೊತ್ತಾಗೋದೂ ಕಷ್ಟ. ಈಗ ಪೆಸಿಫಿಕ್‌ನ ನೀರನ್ನು ಎಷ್ಟು ಸಾಧ್ಯವೋ ಅಷ್ಟು ತಣ್ಣಗೆ ಮಾಡಿ. ಸಮುದ್ರದ ನೀರು ಸೊನ್ನೆಯಲ್ಲಿ ಗಟ್ಟಿಯಾಗಲ್ಲ, ಇಷ್ಟು ಉಪ್ಪಿದ್ದರೆ ಮೈನಸ್ 1.8 ಡಿಗ್ರಿವರೆಗೂ ನೀರಾಗಿಯೇ ಇರುತ್ತದೆ. ಆ ಹಂತದಲ್ಲಿ ಒಂದು ಘನ ಮೀಟರ್ ನೀರು ಸುಮಾರು 1026.6 ಕಿಲೋ ತೂಗುತ್ತದೆ. ಅಟ್ಲಾಂಟಿಕ್‌ನ ನೀರು ಇದೇ ತೂಕಕ್ಕೆ ಬರಲು 12 ಡಿಗ್ರಿಗೆ ಇಳಿದರೆ ಸಾಕು! ಅದನ್ನು ಇನ್ನೂ ತಣ್ಣಗೆ ಮಾಡಿ 3 ಡಿಗ್ರಿಗೆ ತಂದರೆ ತೂಕ 1027.9 ಆಗುತ್ತದೆ. ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ ವ್ಯತ್ಯಾಸ, ಅಂದರೆ ಸಾವಿರಕ್ಕೆ ಒಂದು ಪಾಲು. ಸಮುದ್ರದಲ್ಲಿ ಅಷ್ಟು ಧಾರಾಳ ಸಾಕು.

ಹೀಗಾಗಿ ಉತ್ತರ ಪೆಸಿಫಿಕ್‌ನಲ್ಲಿ ಎಷ್ಟೇ ಚಳಿ ಬಿದ್ದರೂ ಮೇಲಿನ ನೀರು ತಳಕ್ಕೆ ಹೋಗುವಷ್ಟು ಭಾರವಾಗುವುದಿಲ್ಲ. ಮುಳುಗುವ ಮೊದಲೇ ಐಸ್ ಕಟ್ಟುತ್ತದೆ.

ಇನ್ನೊಂದು ಮಾತು. ತಣ್ಣಗಿರುವ ನೀರಿನಲ್ಲಿ ಉಷ್ಣಾಂಶದ ಪ್ರಭಾವ ಕಡಿಮೆಯಾಗುತ್ತಾ ಹೋಗುತ್ತದೆ. 25 ಡಿಗ್ರಿಯ ಹತ್ತಿರ ಒಂದು ಡಿಗ್ರಿ ಇಳಿದರೆ ಘನ ಮೀಟರಿಗೆ ಸುಮಾರು 300 ಗ್ರಾಂ ಭಾರ ಹೆಚ್ಚುತ್ತದೆ. 3 ಡಿಗ್ರಿಯ ಹತ್ತಿರ ಅದೇ ಒಂದು ಡಿಗ್ರಿಗೆ ಸಿಗೋದು 80 ಗ್ರಾಂ ಆಸುಪಾಸು. ಉಪ್ಪಿನ ಪ್ರಭಾವ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಕಿಲೋ ನೀರಿಗೆ ಒಂದು ಗ್ರಾಂ ಉಪ್ಪು ಹೆಚ್ಚಿದರೆ ಘನ ಮೀಟರಿಗೆ 800 ಗ್ರಾಂ ಹತ್ತಿರ ಭಾರ ಹೆಚ್ಚುತ್ತದೆ. ಧ್ರುವದ ಕಡೆ ಉಪ್ಪಿನ ಸಣ್ಣ ಏರುಪೇರಿಗೂ ಅಷ್ಟು ಬೆಲೆ ಬರೋದು ಇದಕ್ಕೇ. ಮುಂದೆ ಬರುವ 1968ರ ಕಥೆಗೆ ಇದನ್ನು ನೆನಪಿಟ್ಟುಕೊಳ್ಳಿ.

ಅರಬ್ಬಿ ಸಮುದ್ರದಲ್ಲಿ ಉಪ್ಪು ಇನ್ನೂ ಜಾಸ್ತಿ. ಅಲ್ಲಿ ಯಾಕೆ ತಳಕ್ಕೆ ಇಳಿಯಲ್ಲ?

ಒಳ್ಳೆಯ ಪ್ರಶ್ನೆ. ಉತ್ತರ ಅರಬ್ಬಿ ಸಮುದ್ರದ ನೀರಿನಲ್ಲಿ 36 ಗ್ರಾಂಗೂ ಮೇಲೆ ಉಪ್ಪಿದೆ. ಆವಿಯಾಗೋದು ಜಾಸ್ತಿ, ಮಳೆ ಮತ್ತು ನದಿ ನೀರು ಕಡಿಮೆ. ಆದರೆ ಚಳಿಗಾಲದಲ್ಲೂ ಅಲ್ಲಿನ ನೀರು 25 ಡಿಗ್ರಿ ಆಸುಪಾಸು. ಆ ಬಿಸಿಯಲ್ಲಿ ತಳಕ್ಕೆ ಇಳಿಯುವಷ್ಟು ಭಾರ ಬರಬೇಕಾದರೆ ಉಪ್ಪು 41 ಗ್ರಾಂ ಹತ್ತಿರ ಇರಬೇಕು. ಹಿಂದೂ ಮಹಾಸಾಗರಕ್ಕೆ ಉತ್ತರದಲ್ಲಿ ಏಷ್ಯಾ ಖಂಡ ಅಡ್ಡ ಬಂದಿದೆ, ಧ್ರುವದ ಚಳಿ ಅದಕ್ಕೆ ಸಿಗುವುದೇ ಇಲ್ಲ. ಹಾಗಾಗಿ ಚಳಿಗಾಲದಲ್ಲಿ ಅಲ್ಲಿ ಭಾರವಾದ ನೀರು ನೂರು ಮೀಟರ್ ಆಸುಪಾಸಿಗೆ ಇಳಿದು ಅಲ್ಲೇ ಹರಡಿಕೊಳ್ಳುತ್ತದೆ.

ಕೆಂಪು ಸಮುದ್ರದಲ್ಲಿ ಮಾತ್ರ ಉಪ್ಪು 40 ಗ್ರಾಂ ದಾಟುತ್ತದೆ. ಆ ನೀರು ಬಾಬ್ ಎಲ್ ಮಂಡೆಬ್ ಜಲಸಂಧಿಯ ತಳದಲ್ಲಿ ಜಾರಿ ಏಡನ್ ಕೊಲ್ಲಿಗೆ ಬೀಳುವಾಗ ನಿಜಕ್ಕೂ ಭಾರವಾಗಿರುತ್ತದೆ. ಆದರೆ ಬೀಳುವ ದಾರಿಯಲ್ಲಿ ಸುತ್ತಲಿನ ನೀರನ್ನು ಎಳೆದುಕೊಂಡು ಬೆರೆತು ಹಗುರವಾಗಿ, 600ರಿಂದ 900 ಮೀಟರ್ ಆಳದಲ್ಲಿ ನಿಂತುಬಿಡುತ್ತದೆ.

ಬಂಗಾಳ ಕೊಲ್ಲಿಯ ಕಥೆ ಪೂರ್ತಿ ಉಲ್ಟಾ. ಗಂಗಾ, ಬ್ರಹ್ಮಪುತ್ರಾ, ಐರಾವತಿ, ನಮ್ಮ ಕೃಷ್ಣಾ ಕಾವೇರಿ ಎಲ್ಲ ಅಲ್ಲಿಗೇ ಸೇರುತ್ತವೆ. ಮೇಲೊಂದು ಸಪ್ಪೆ ನೀರಿನ ಪದರ ಕೂತಿರುತ್ತದೆ. ನವೆಂಬರ್‌ನಿಂದ ಜನವರಿವರೆಗೆ ಈ ಕಡಿಮೆ ಉಪ್ಪಿನ ನೀರು ಶ್ರೀಲಂಕಾ ಸುತ್ತಿಕೊಂಡು ಕೇರಳ, ಕರ್ನಾಟಕದ ಕರಾವಳಿ ಗುಂಟ ಉತ್ತರಕ್ಕೆ ಬರುತ್ತದೆ. ಆ ತಿಂಗಳುಗಳಲ್ಲಿ ಮಂಗಳೂರಿನ ಆಚೆಗಿನ ಸಮುದ್ರದಲ್ಲಿ ಮೇಲಿನ ನೀರಿನ ಉಪ್ಪು ಇಳಿಯೋದು ಇದರಿಂದ.

ಹಾಗಾದರೆ ಅರಬ್ಬಿ ಸಮುದ್ರದ ತಳದಲ್ಲಿರುವ ನೀರು ಯಾವುದು? ಅದು ಅಂಟಾರ್ಕ್ಟಿಕಾದ ಕಡೆಯಿಂದ ಬಂದದ್ದು. ಮಡಗಾಸ್ಕರ್‌ನ ಪೂರ್ವಕ್ಕೆ ಉತ್ತರದ ಕಡೆ ಹರಿದು, ಸೆಷೆಲ್ಸ್ ಹತ್ತಿರದ ಅಮಿರಾಂಟೆ ಕಣಿವೆಯಲ್ಲಿ ನುಸುಳಿ, ಸೋಮಾಲಿಯಾದ ಆಚೆಗಿನ ಆಳ ದಾಟಿ ಬರುತ್ತದೆ. ಮೇಲೆ 28 ಡಿಗ್ರಿ ಇರುವಾಗಲೂ ನಾಲ್ಕು ಕಿಲೋಮೀಟರ್ ಕೆಳಗೆ 2 ಡಿಗ್ರಿಗಿಂತ ಕಡಿಮೆ ಇರುತ್ತದೆ.

ಅಟ್ಲಾಂಟಿಕ್‌ನಲ್ಲಿ ನೀರು ಮುಳುಗುವುದು ಎಲ್ಲಿ, ಹೇಗೆ?

ಮೂರು ಜಾಗ ಹೆಸರಿಸಬಹುದು: ಗ್ರೀನ್‌ಲ್ಯಾಂಡ್ ಮತ್ತು ನಾರ್ವೆ ನಡುವಿನ ನಾರ್ಡಿಕ್ ಸಮುದ್ರಗಳು, ಗ್ರೀನ್‌ಲ್ಯಾಂಡ್‌ನ ಆಗ್ನೇಯಕ್ಕಿರುವ ಇರ್ಮಿಂಗರ್ ಸಮುದ್ರ, ಪಶ್ಚಿಮಕ್ಕಿರುವ ಲ್ಯಾಬ್ರಡಾರ್ ಸಮುದ್ರ.

ಚಳಿಗಾಲದಲ್ಲಿ ಕೆನಡಾ, ಗ್ರೀನ್‌ಲ್ಯಾಂಡ್ ಕಡೆಯಿಂದ ಒಣ ಶೀತಗಾಳಿ ಬೀಸುತ್ತದೆ. ಮೇಲಿನ ನೀರು ಶಾಖ ಕಳೆದುಕೊಂಡು ಭಾರವಾಗುತ್ತದೆ. ಆಮೇಲೆ ಸುಮಾರು ಒಂದು ಕಿಲೋಮೀಟರ್ ಅಗಲದ ಕಂಬಗಳಾಗಿ, ಸೆಕೆಂಡಿಗೆ ಕೆಲವು ಸೆಂಟಿಮೀಟರ್ ವೇಗದಲ್ಲಿ ಇಳಿಯುತ್ತದೆ. ಇಳಿದಷ್ಟೇ ನೀರು ಪಕ್ಕದಲ್ಲಿ ಮೇಲೆ ಬರುತ್ತದೆ, ಅದೂ ತಣ್ಣಗಾಗುತ್ತದೆ. ಹೀಗೆ ಇಡೀ ಪದರ ಕಲಸಿಹೋಗುತ್ತದೆ. 1990ರ ದಶಕದ ಮೊದಲ ಭಾಗದ ಕಡುಚಳಿಯಲ್ಲಿ ಲ್ಯಾಬ್ರಡಾರ್ ಸಮುದ್ರ 2,000 ಮೀಟರಿಗೂ ಕೆಳಗಿನವರೆಗೆ ಹೀಗೆ ಕಲಸಿತ್ತು.

ನಾರ್ಡಿಕ್ ಸಮುದ್ರಗಳದ್ದು ಬೇರೆ ಥರ. ಅಲ್ಲಿ ಹುಟ್ಟಿದ ಭಾರದ ನೀರು ನೇರ ಅಟ್ಲಾಂಟಿಕ್‌ಗೆ ಬರಲು ಆಗಲ್ಲ. ಗ್ರೀನ್‌ಲ್ಯಾಂಡ್‌ನಿಂದ ಐಸ್‌ಲ್ಯಾಂಡ್ ಮೂಲಕ ಸ್ಕಾಟ್‌ಲ್ಯಾಂಡ್‌ವರೆಗೆ ಸಮುದ್ರದೊಳಗೆ ಒಂದು ದಿಬ್ಬ ಅಡ್ಡ ಇದೆ. ಹಿಂದೆ ತುಂಬಿಕೊಂಡ ನೀರು ದಿಬ್ಬದ ತಗ್ಗು ಜಾಗಗಳಲ್ಲಿ ಕೋಡಿ ಬಿದ್ದು ಹರಿಯುತ್ತದೆ. ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧಿ ಅಂಥ ಒಂದು ಕೋಡಿ. ಅದರ ಅಂಚು ಇರುವುದು 600 ಮೀಟರಿಗಿಂತ ತುಸು ಆಳದಲ್ಲಿ. ಅಲ್ಲಿಂದ ಸೆಕೆಂಡಿಗೆ ಸುಮಾರು 30 ಲಕ್ಷ ಘನ ಮೀಟರ್ ತಣ್ಣೀರು ಇಳಿಜಾರಿನಲ್ಲಿ ಸುಮಾರು ಮೂರೂವರೆ ಕಿಲೋಮೀಟರ್ ಕೆಳಗೆ ಜಾರುತ್ತದೆ. ಜೋಗದ ಎತ್ತರ 253 ಮೀಟರ್. ಅಂಥ ಹದಿನಾಲ್ಕು ಜೋಗ ಒಂದರ ಮೇಲೊಂದು ಇಟ್ಟ ಹಾಗೆ, ಪೂರ್ತಿ ನೀರಿನೊಳಗೇ! ಮೇಲೆ ಹಡಗಿನಲ್ಲಿ ಹೋಗುವವರಿಗೆ ಸುಳಿವೂ ಸಿಗಲ್ಲ.

ಜಾರುವಾಗ ಈ ನೀರು ಸುತ್ತಲಿನದನ್ನು ಎಳೆದುಕೊಂಡು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಆಮೇಲೆ ಅಮೆರಿಕ ಖಂಡದ ಅಂಚಿಗೆ ಅಂಟಿಕೊಂಡು ದಕ್ಷಿಣಕ್ಕೆ ಹೊರಡುತ್ತದೆ. ಹೀಗೆ ಪಶ್ಚಿಮದ ಅಂಚಿನಲ್ಲೇ ಆಳದ ಹರಿವು ಇರಬೇಕು ಅಂತ ಸಾಗರ ವಿಜ್ಞಾನಿ ಹೆನ್ರಿ ಸ್ಟಾಮೆಲ್ ಮೊದಲು ಕಾಗದದ ಮೇಲೆ ಲೆಕ್ಕ ಹಾಕಿದ್ದರು. 1957ರಲ್ಲಿ ಜಾನ್ ಸ್ವಾಲೋ ಮತ್ತು ವ್ಯಾಲೆಂಟೈನ್ ವರ್ದಿಂಗ್ಟನ್ ಆಳದಲ್ಲೇ ತೇಲುವ ಕೊಳವೆಗಳನ್ನು ಬಿಟ್ಟು, ಅವು ದಕ್ಷಿಣಕ್ಕೆ ಹೋಗುವುದನ್ನು ಕಂಡರು. ಭೂಮಿಯ ಬಗೆಗಿನ ವಿಜ್ಞಾನದಲ್ಲಿ ಇಷ್ಟು ಅಚ್ಚುಕಟ್ಟಾಗಿ ಲೆಕ್ಕ ಮೊದಲು, ನೋಟ ಆಮೇಲೆ ಬಂದ ಉದಾಹರಣೆ ಅಪರೂಪ.

ಬಹಳ ಕಾಲ ಲ್ಯಾಬ್ರಡಾರ್ ಸಮುದ್ರವೇ ಮುಖ್ಯ ಅಂತ ಪಠ್ಯಗಳು ಹೇಳುತ್ತಿದ್ದವು. 2014ರಲ್ಲಿ ಕೆನಡಾದಿಂದ ಸ್ಕಾಟ್‌ಲ್ಯಾಂಡ್‌ವರೆಗೆ ಉಪಕರಣಗಳ ಸಾಲು ಇಟ್ಟು ಅಳೆದಾಗ, ಗ್ರೀನ್‌ಲ್ಯಾಂಡ್‌ನ ಪೂರ್ವ ಭಾಗದ ಪಾಲೇ ದೊಡ್ಡದು ಅಂತ ಕಂಡಿತು. ನೀರು ಕಲಸುವುದು ಬೇರೆ, ಕಲಸಿದ ನೀರು ಹೊರಗೆ ಹರಿದು ಹೋಗೋದು ಬೇರೆ.

ಅಂಟಾರ್ಕ್ಟಿಕಾದಲ್ಲೂ ಹೀಗೇನಾ?

ಅಲ್ಲಿ ಐಸ್‌ನದ್ದೇ ಕೆಲಸ. ಖಂಡದ ಮೇಲಿಂದ ಜಾರಿ ಬರುವ ಗಾಳಿ ಕರಾವಳಿಯ ಐಸನ್ನು ಹೊರಗೆ ತಳ್ಳುತ್ತದೆ. ತೆರೆದ ನೀರಿನಲ್ಲಿ ಮತ್ತೆ ಐಸ್ ಕಟ್ಟುತ್ತದೆ, ಮತ್ತೆ ಗಾಳಿ ತಳ್ಳುತ್ತದೆ. ಐಸ್ ಕಟ್ಟುವಾಗ ಬಹುಪಾಲು ಉಪ್ಪನ್ನು ಹೊರಗೆ ಬಿಡುತ್ತದೆ, ಉಳಿದ ನೀರು ಉಪ್ಪಾಗಿ ಭಾರವಾಗುತ್ತದೆ. ವೆಡೆಲ್ ಸಮುದ್ರ, ರಾಸ್ ಸಮುದ್ರ, ಅಡೆಲಿ ಕರಾವಳಿ, ಡಾರ್ನ್ಲಿ ಭೂಶಿರ ಇಂಥ ಜಾಗಗಳು. ಜಗತ್ತಿನ ಸಾಗರಗಳಲ್ಲೇ ಅತಿ ಭಾರದ ನೀರು ಇದು. ಅಟ್ಲಾಂಟಿಕ್‌ನಲ್ಲಿ ಉತ್ತರದಿಂದ ಬಂದ ಆಳದ ನೀರಿನ ಅಡಿಯಲ್ಲಿ ಇದು ನುಸುಳುತ್ತದೆ.

ಮುಳುಗಿದ ನೀರು ಮತ್ತೆ ಮೇಲೆ ಬರೋದು ಹೇಗೆ? ಭಾರದ ನೀರು ತಾನಾಗಿ ಏರುವುದಿಲ್ಲ ಅಲ್ವಾ?

ಏರುವುದಿಲ್ಲ. ಈ ಭಾಗವನ್ನೇ ಹೆಚ್ಚಿನ ವಿವರಣೆಗಳು ನುಂಗಿಬಿಡುತ್ತವೆ.

ಬರೀ ನೀರು ಮುಳುಗುತ್ತಲೇ ಇದ್ದರೆ ತಳವೆಲ್ಲ ತಣ್ಣೀರಿನಿಂದ ತುಂಬಿ, ಕೊನೆಗೆ ಮುಳುಗಲು ಜಾಗವೇ ಇರುವುದಿಲ್ಲ. ಸುತ್ತಾಟ ನಡೆಯಬೇಕಾದರೆ ಯಾರಾದರೂ ಆ ನೀರನ್ನು ಮೇಲೆ ತರಬೇಕು. ಅದಕ್ಕೆ ಎರಡು ದಾರಿ. ಒಂದು, ಉಬ್ಬರವಿಳಿತ ಮತ್ತು ಗಾಳಿಯ ಶಕ್ತಿ ಸಮುದ್ರದೊಳಗಿನ ಬೆಟ್ಟಗಳ ಹತ್ತಿರ ಅಲೆಗಳನ್ನು ಎಬ್ಬಿಸಿ, ಮೇಲಿನ ಬಿಸಿಯನ್ನು ಸ್ವಲ್ಪಸ್ವಲ್ಪವೇ ಕೆಳಗೆ ಬೆರೆಸುತ್ತದೆ. ಆಳದ ನೀರು ನಿಧಾನವಾಗಿ ಹಗುರಾಗುತ್ತದೆ. ಇದಕ್ಕೆ ಸುಮಾರು ಎರಡು ಟೆರಾವಾಟ್ ಶಕ್ತಿ ಬೇಕು ಅಂತ ವಾಲ್ಟರ್ ಮಂಕ್ ಮತ್ತು ಕಾರ್ಲ್ ವುನ್ಶ್ 1998ರಲ್ಲಿ ಅಂದಾಜಿಸಿದರು. ಅದರಲ್ಲಿ ಸುಮಾರು ಅರ್ಧ ಚಂದ್ರನ ಸೆಳೆತದಿಂದ ಬರುತ್ತದೆ.

ಎರಡನೆಯದು ದಕ್ಷಿಣ ಮಹಾಸಾಗರದ ಗಾಳಿ. ಅಂಟಾರ್ಕ್ಟಿಕಾ ಸುತ್ತ ಪಶ್ಚಿಮದಿಂದ ಬೀಸುವ ಜೋರು ಗಾಳಿ ಮೇಲಿನ ನೀರನ್ನು ಉತ್ತರಕ್ಕೆ ಸರಿಸುತ್ತದೆ. ಆ ಅಕ್ಷಾಂಶಗಳಲ್ಲಿ ಅಡ್ಡ ಬರುವ ಖಂಡವೇ ಇಲ್ಲ. ಸರಿದ ನೀರಿನ ಜಾಗ ತುಂಬಲು ಬಹಳ ಆಳದ ನೀರೇ ಎದ್ದು ಬರಬೇಕಾಗುತ್ತದೆ. ಉತ್ತರ ಅಟ್ಲಾಂಟಿಕ್‌ನಲ್ಲಿ ಮುಳುಗಿದ ನೀರಿನ ದೊಡ್ಡ ಪಾಲು ಮತ್ತೆ ಮೇಲಕ್ಕೆ ಬರುವುದು ಇಲ್ಲಿ.

ಹಾಗಾಗಿ "ಚಳಿ ಮತ್ತು ಉಪ್ಪು ಇದನ್ನು ಓಡಿಸುತ್ತವೆ" ಅನ್ನೋದು ಅರ್ಧ ಸತ್ಯ. ಎಲ್ಲಿ ಮುಳುಗಬೇಕು, ಎಷ್ಟು ಆಳಕ್ಕೆ ಅನ್ನೋದು ಅವುಗಳ ಕೈಯಲ್ಲಿದೆ. ನಡೆಸಲು ಬೇಕಾದ ಶಕ್ತಿ ಗಾಳಿ ಮತ್ತು ಉಬ್ಬರವಿಳಿತದ್ದು.

ಎಷ್ಟು ನೀರು, ಎಷ್ಟು ಶಾಖ?

ಅಟ್ಲಾಂಟಿಕ್‌ನ 26.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಸೆಕೆಂಡಿಗೆ ಸರಾಸರಿ 1 ಕೋಟಿ 70 ಲಕ್ಷ ಘನ ಮೀಟರ್. ಅಮೆಜಾನ್ ನದಿ ಸಮುದ್ರಕ್ಕೆ ಸುರಿಯುವುದು ಸುಮಾರು 2 ಲಕ್ಷ. ಸಾಗರ ವಿಜ್ಞಾನಿಗಳು ಹತ್ತು ಲಕ್ಷ ಘನ ಮೀಟರಿಗೆ ಒಂದು ಸ್ವೆರ್‌ಡ್ರಪ್ ಅನ್ನುತ್ತಾರೆ, ಆ ಲೆಕ್ಕದಲ್ಲಿ ಇದು 17.

ಶಾಖದ ಲೆಕ್ಕ ನೀವೇ ಹಾಕಬಹುದು. ಮೇಲೆ ಉತ್ತರಕ್ಕೆ ಹೋಗುವ ನೀರು ಮತ್ತು ಕೆಳಗೆ ಹಿಂದಿರುಗುವ ನೀರಿನ ನಡುವೆ ಸುಮಾರು 17 ಡಿಗ್ರಿ ವ್ಯತ್ಯಾಸ ಅಂದುಕೊಳ್ಳಿ. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಡಿಗ್ರಿ ತಣ್ಣಗಾದರೆ 41 ಲಕ್ಷ ಜೂಲ್ ಬಿಡುತ್ತದೆ. ಮೂರನ್ನೂ ಗುಣಿಸಿದರೆ ಸುಮಾರು 1.2 ಪೆಟಾವಾಟ್. ಜಗತ್ತಿನ ಎಲ್ಲ ವಿದ್ಯುತ್ ಸ್ಥಾವರಗಳು ಸೇರಿ ಸರಾಸರಿ ಉತ್ಪಾದಿಸುವುದರ ಮುನ್ನೂರು ಪಟ್ಟಿಗೂ ಜಾಸ್ತಿ.

ಒಂದು ಸುತ್ತಿಗೆ ಸಾವಿರ ವರ್ಷ ಅನ್ನುತ್ತಾರೆ. ಅದನ್ನು ಯಾರು ನೋಡಿದ್ದಾರೆ?

ನೀರಿನಲ್ಲೇ ಗಡಿಯಾರಗಳಿವೆ. ಮೇಲಿದ್ದಾಗ ನೀರು ಗಾಳಿಯಿಂದ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲವನ್ನು ಎಳೆದುಕೊಳ್ಳುತ್ತದೆ. ಮುಳುಗಿದ ಮೇಲೆ ಹೊಸದು ಸಿಗಲ್ಲ, ಇದ್ದದ್ದು 5,730 ವರ್ಷಕ್ಕೆ ಅರ್ಧದಂತೆ ಕರಗುತ್ತದೆ. ಉತ್ತರ ಪೆಸಿಫಿಕ್‌ನ ಆಳದಲ್ಲಿ ಇದು ಅತಿ ಕಡಿಮೆ. ಅಲ್ಲಿನ ನೀರು ಗಾಳಿ ಕಂಡು ಸಾವಿರ ವರ್ಷ ದಾಟಿದೆ. ಆಮ್ಲಜನಕವೂ ಅಲ್ಲಿ ಬಹುಮಟ್ಟಿಗೆ ಖರ್ಚಾಗಿರುತ್ತದೆ, ಅದು ಇನ್ನೊಂದು ಸಾಕ್ಷಿ.

ಎಳೆಯ ನೀರಿಗೆ ಬೇರೆ ಗುರುತುಗಳು. 1950-60ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಗಾಳಿಗೆ ಸೇರಿತು. 1972ರಲ್ಲಿ ಅಟ್ಲಾಂಟಿಕ್‌ನಲ್ಲಿ ಅಳೆದಾಗ ಉತ್ತರ ಭಾಗದ ತಳದವರೆಗೂ ಅದು ಇಳಿದಿತ್ತು. ಹಳೆಯ ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಸಿಎಫ್‌ಸಿ ಅನಿಲವೂ ಹೀಗೇ ದಾರಿ ತೋರಿಸುತ್ತದೆ.

ಒಂದು ಎಚ್ಚರಿಕೆ. ವಾಲೇಸ್ ಬ್ರೋಕರ್ 1987ರಲ್ಲಿ ಈ ಸುತ್ತಾಟವನ್ನು ಕನ್ವೇಯರ್ ಅಂತ ಕರೆದ ಮೇಲೆ, ಭೂಪಟದ ಮೇಲೆ ನೀಲಿ-ಕೆಂಪು ಪಟ್ಟಿಯ ಚಿತ್ರ ಎಲ್ಲ ಪುಸ್ತಕಕ್ಕೂ ಬಂತು. ಚಿತ್ರ ಚೆಂದ. ಆದರೆ ಯಾವ ಹನಿಯೂ ಆ ಪಟ್ಟಿ ಹಿಡಿದು ನೆಟ್ಟಗೆ ಹೋಗಲ್ಲ. ಆಳದಲ್ಲಿ ಸುಳಿಗಳು ತುಂಬಿವೆ, ನೀರು ಚದುರುತ್ತದೆ, ಬೆರೆಯುತ್ತದೆ. ಸಾವಿರ ವರ್ಷ ಅನ್ನೋದು ಸರಾಸರಿಯ ಮಾತು.

ಇದು ಯಾವಾಗಾದರೂ ನಿಂತದ್ದನ್ನು ನಾವು ಕಣ್ಣಾರೆ ಕಂಡಿದ್ದೇವಾ?

ಇಡೀ ಸುತ್ತಾಟ ನಿಂತದ್ದನ್ನು ಯಾರೂ ಕಂಡಿಲ್ಲ. ಒಂದು ಜಾಗದಲ್ಲಿ ಮುಳುಗುವುದು ನಿಂತದ್ದನ್ನು ಕಂಡಿದ್ದೇವೆ. ಏನು ಕೆಡಬಹುದು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಸಿಗಲ್ಲ.

1960ರ ದಶಕದ ಕೊನೆಯಲ್ಲಿ ಗ್ರೀನ್‌ಲ್ಯಾಂಡ್ ಮೇಲೆ ಗಾಳಿಯ ಒತ್ತಡ ಜಾಸ್ತಿಯಾಗಿ, ಉತ್ತರದ ಗಾಳಿ ವರ್ಷಗಟ್ಟಲೆ ಜೋರಾಗಿ ಬೀಸಿತು. ಆರ್ಕ್ಟಿಕ್‌ನಿಂದ ಐಸ್ ಮತ್ತು ಸಪ್ಪೆ ನೀರು ಗ್ರೀನ್‌ಲ್ಯಾಂಡ್‌ನ ಪೂರ್ವ ಕರಾವಳಿ ಗುಂಟ ಎಂದಿಗಿಂತ ಜಾಸ್ತಿ ಇಳಿಯಿತು. ಐಸ್‌ಲ್ಯಾಂಡ್‌ನ ಉತ್ತರ ಕರಾವಳಿಗೆ ಸಮುದ್ರದ ಐಸ್ ಬಂದು ತಾಗಿದ ವರ್ಷಗಳು ಅವು. ಹೆಚ್ಚುವರಿಯಾಗಿ ಬಂದ ಸಿಹಿನೀರು ಸುಮಾರು 2,000 ಘನ ಕಿಲೋಮೀಟರ್ ಅಂತ ಆಮೇಲೆ ಲೆಕ್ಕ ಹಾಕಿದರು.

ಈ ಸಪ್ಪೆ ನೀರು ಗ್ರೀನ್‌ಲ್ಯಾಂಡ್‌ನ ದಕ್ಷಿಣ ತುದಿ ಸುತ್ತಿ ಲ್ಯಾಬ್ರಡಾರ್ ಸಮುದ್ರಕ್ಕೆ ಬಂತು. ಅದೃಷ್ಟಕ್ಕೆ ಅಲ್ಲಿ 'ಬ್ರಾವೊ' ಎಂಬ ಹವಾಮಾನ ಹಡಗಿನ ಠಾಣೆ ಇತ್ತು. ವಿಮಾನಗಳಿಗೆ ಹವಾಮಾನ ತಿಳಿಸಲು ಒಂದೇ ಜಾಗದಲ್ಲಿ ನಿಲ್ಲುತ್ತಿದ್ದ ಹಡಗು, ಆಳದ ಉಷ್ಣಾಂಶ ಮತ್ತು ಉಪ್ಪನ್ನೂ ಅಳೆಯುತ್ತಿತ್ತು. ಆ ದಾಖಲೆಯಲ್ಲಿ 1968-69ರಿಂದ 1970-71ರವರೆಗೆ ಸತತ ಮೂರು ಚಳಿಗಾಲ ನೀರು ಆಳಕ್ಕೆ ಇಳಿಯಲೇ ಇಲ್ಲ. ಚಳಿಗಾಲ ಬಂತು, ಗಾಳಿ ಬೀಸಿತು, ಆದರೂ ಮೇಲಿನ ತೆಳು ಪದರವಷ್ಟೇ ಕಲಸಿತು.

ಯಾಕೆ? ಹಿಂದಿನ ಲೆಕ್ಕಕ್ಕೆ ಹೋಗೋಣ. ಮೇಲಿನ ನೀರಿನಲ್ಲಿ ಉಪ್ಪು ಅರ್ಧ ಗ್ರಾಂ ಕಡಿಮೆಯಾಯಿತು ಅಂದುಕೊಳ್ಳಿ. ಘನ ಮೀಟರಿಗೆ 400 ಗ್ರಾಂ ಭಾರ ಹೋಯಿತು. ಅದನ್ನು ಚಳಿಯಿಂದ ತುಂಬಿಕೊಳ್ಳಬೇಕಾದರೆ, 3 ಡಿಗ್ರಿಯ ನೀರು ಇನ್ನೂ ಐದು ಡಿಗ್ರಿಗೂ ಜಾಸ್ತಿ ಇಳಿಯಬೇಕು. ಅಷ್ಟರಲ್ಲಿ ಅದು ಐಸ್ ಕಟ್ಟುವ ಹಂತ ಮುಟ್ಟುತ್ತದೆ. ಪೆಸಿಫಿಕ್‌ನಲ್ಲಿ ಯಾವಾಗಲೂ ನಡೆಯುವುದೇ ಮೂರು ವರ್ಷ ಲ್ಯಾಬ್ರಡಾರ್‌ನಲ್ಲಿ ನಡೆಯಿತು.

ಇನ್ನೊಂದು ತೊಡಕೂ ಇದೆ. ಮುಳುಗುವುದು ನಿಂತರೆ ಕೆಳಗಿನ ಉಪ್ಪು ನೀರು ಮೇಲಿನದರ ಜೊತೆ ಬೆರೆಯುವುದಿಲ್ಲ. ಮೇಲಿನ ಪದರದ ಮೇಲೆ ಮಳೆ, ಕರಗಿದ ಐಸ್ ಸೇರುತ್ತಲೇ ಇರುತ್ತವೆ. ಹಾಗಾಗಿ ಒಂದು ವರ್ಷ ನಿಂತರೆ ಮುಂದಿನ ವರ್ಷ ಶುರುವಾಗೋದು ಇನ್ನೂ ಕಷ್ಟ. 1971-72ರ ಚಳಿಗಾಲ ಅತಿ ಕಠೋರವಾಗಿತ್ತು, ಅದು ಈ ಮುಚ್ಚಳ ಒಡೆದು ಮತ್ತೆ ಆಳದವರೆಗೆ ಕಲಸಿತು.

ಆ ಸಪ್ಪೆ ನೀರು ಅಲ್ಲಿಗೆ ಮುಗಿಯಲಿಲ್ಲ. ಅಟ್ಲಾಂಟಿಕ್ ದಾಟಿ, 1970ರ ದಶಕದ ನಡುವೆ ಸ್ಕಾಟ್‌ಲ್ಯಾಂಡ್‌ನ ಉತ್ತರಕ್ಕೆ ಬಂದು, ನಾರ್ವೆ ಪಕ್ಕದಿಂದ ಹಾದು 1981-82ರ ಹೊತ್ತಿಗೆ ಗ್ರೀನ್‌ಲ್ಯಾಂಡ್ ಸಮುದ್ರಕ್ಕೆ ಹಿಂದಿರುಗಿತು. ಒಂದು ಸುತ್ತಿಗೆ ಹದಿನಾಲ್ಕು ವರ್ಷ. ಬಿಡಿಬಿಡಿಯಾಗಿ ಬೇರೆ ಬೇರೆ ದೇಶದವರು ಅಳೆದ ಅಂಕಿಗಳನ್ನು ಜೋಡಿಸಿ, ಎಲ್ಲವೂ ಒಂದೇ ನೀರು ಅಂತ ರಾಬರ್ಟ್ ಡಿಕ್ಸನ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. 'ಗ್ರೇಟ್ ಸಲಿನಿಟಿ ಅನಾಮಲಿ' ಅನ್ನೋದು ಇದಕ್ಕೇ.

ಒಂದು ಜಾಗದಲ್ಲಿ ನಿಂತರೆ ಇಡೀ ಸುತ್ತಾಟ ನಿಲ್ಲಬಹುದಾ?

ಸ್ಟಾಮೆಲ್ 1961ರಲ್ಲಿ ಎರಡು ಪೆಟ್ಟಿಗೆಗಳ ಒಂದು ಪುಟ್ಟ ಮಾದರಿ ಮಾಡಿದರು. ಒಂದು ಬಿಸಿ ಮತ್ತು ಉಪ್ಪು, ಇನ್ನೊಂದು ತಂಪು ಮತ್ತು ಸಪ್ಪೆ. ಅದರಿಂದ ಹೊರಬಂದ ವಿಚಾರ ಇದು: ಹರಿವು ಜೋರಾಗಿದ್ದರೆ ಅದು ದಕ್ಷಿಣದಿಂದ ಉಪ್ಪನ್ನು ತರುತ್ತದೆ, ಆ ಉಪ್ಪು ಮುಳುಗಲು ಸಹಾಯ ಮಾಡುತ್ತದೆ, ಹರಿವು ಜೋರಾಗಿಯೇ ಉಳಿಯುತ್ತದೆ. ಹರಿವು ಕುಗ್ಗಿದರೆ ಉಪ್ಪು ಬರೋದು ಕಡಿಮೆ, ಆಗ ಇನ್ನೂ ಕುಗ್ಗುತ್ತದೆ. ಒಂದೇ ಹವಾಮಾನದಲ್ಲಿ ಎರಡು ಸ್ಥಿತಿ ಸಾಧ್ಯ. ಒಂದು ಮಿತಿ ದಾಟಿದರೆ ಒಂದರಿಂದ ಇನ್ನೊಂದಕ್ಕೆ ಜಾರಬಹುದು, ಮತ್ತು ಸಿಹಿನೀರು ಕಡಿಮೆಯಾದ ಕೂಡಲೇ ಹಿಂದಿನ ಸ್ಥಿತಿಗೆ ಬರಲ್ಲ.

ಬರೀ ಎರಡು ಪೆಟ್ಟಿಗೆಯಲ್ಲಿ ಗಾಳಿ ಇಲ್ಲ, ದಕ್ಷಿಣ ಮಹಾಸಾಗರ ಇಲ್ಲ. ಅದಕ್ಕೇ ನಿಜವಾದ ಸಾಗರ ಅಷ್ಟು ಸುಲಭವಾಗಿ ಜಾರುತ್ತದೆಯೇ ಅನ್ನುವ ವಾದ ಇಂದಿಗೂ ನಡೆಯುತ್ತಿದೆ.

ಈಗ ಇದನ್ನು ಅಳೆಯೋದು ಹೇಗೆ?

2004ರಿಂದ ಬಹಾಮಾಸ್ ಮತ್ತು ಆಫ್ರಿಕಾ ನಡುವೆ 26.5 ಡಿಗ್ರಿ ಉತ್ತರದಲ್ಲಿ 'ರಾಪಿಡ್' ಎಂಬ ಉಪಕರಣಗಳ ಸಾಲಿದೆ. ತಳಕ್ಕೆ ಭಾರ ಕಟ್ಟಿ ನೆಟ್ಟಗೆ ನಿಲ್ಲಿಸಿದ ತಂತಿಗಳು, ಅವುಗಳ ಉದ್ದಕ್ಕೂ ಉಷ್ಣಾಂಶ ಮತ್ತು ಉಪ್ಪು ಅಳೆಯುವ ಸಾಧನಗಳು. ಸಾಗರದ ಪ್ರತಿ ಜಾಗದಲ್ಲೂ ಹರಿವು ಅಳೆಯುವ ಅಗತ್ಯವಿಲ್ಲ. ಎರಡು ದಡದಲ್ಲಿ ನೀರಿನ ಭಾರ ಗೊತ್ತಿದ್ದರೆ ಒತ್ತಡದ ವ್ಯತ್ಯಾಸ ಸಿಗುತ್ತದೆ. ಭೂಮಿಯ ಸುತ್ತುವಿಕೆಯ ಕಾರಣ ಆ ವ್ಯತ್ಯಾಸದಿಂದಲೇ ನಡುವಿನ ಒಟ್ಟು ಹರಿವು ಲೆಕ್ಕಕ್ಕೆ ಬರುತ್ತದೆ. ಫ್ಲೋರಿಡಾ ಜಲಸಂಧಿಯ ಪಾಲನ್ನು ತಳದಲ್ಲಿ ಹಾಸಿದ ಟೆಲಿಫೋನ್ ಕೇಬಲ್‌ನಿಂದ ಅಳೆಯುತ್ತಾರೆ. ಉಪ್ಪು ನೀರು ಭೂಮಿಯ ಕಾಂತಕ್ಷೇತ್ರದಲ್ಲಿ ಹರಿಯುವಾಗ ಕೇಬಲ್‌ನಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಹಳೆಯ ಕೇಬಲ್‌ಗೆ ಎಂಥ ಒಳ್ಳೆಯ ಕೆಲಸ!

ಮೊದಲ ವರ್ಷದ ಅಂಕಿ ನೋಡಿ ಎಲ್ಲರೂ ಬೆಚ್ಚಿದರು. ಒಂದೇ ವರ್ಷದಲ್ಲಿ ಹರಿವು 4ರಿಂದ 35 ಸ್ವೆರ್‌ಡ್ರಪ್‌ವರೆಗೆ ಏರಿಳಿದಿತ್ತು. ಅದಕ್ಕೂ ಮುಂಚೆ ದಶಕಕ್ಕೊಮ್ಮೆ ಹಡಗಿನಲ್ಲಿ ಹೋಗಿ ಅಳೆದು "ಕುಗ್ಗಿದೆ" ಅಂದವರ ಮಾತು ಎಷ್ಟು ನಂಬಬಹುದು ಅನ್ನುವ ಪ್ರಶ್ನೆ ಎದ್ದಿತು. 2009-10ರಲ್ಲಿ ಸುಮಾರು ಒಂದು ವರ್ಷ ಹರಿವು 30% ಕುಸಿದು ಮತ್ತೆ ಚೇತರಿಸಿಕೊಂಡಿತು.

ಗಲ್ಫ್ ಸ್ಟ್ರೀಮ್ ನಿಂತುಹೋಗುತ್ತದಾ?

ಇಲ್ಲ. ಗಲ್ಫ್ ಸ್ಟ್ರೀಮ್ ಅಮೆರಿಕದ ಪೂರ್ವ ಕರಾವಳಿ ಪಕ್ಕದಲ್ಲಿ, ಮುಖ್ಯವಾಗಿ ಗಾಳಿಯಿಂದ ಹರಿಯುವ ಮೇಲಿನ ಪ್ರವಾಹ. ಗಾಳಿ ಬೀಸುವವರೆಗೂ ಅದು ಇರುತ್ತದೆ. ಅದರ ಒಂದು ಪಾಲು ಮಾತ್ರ ಉತ್ತರಕ್ಕೆ ಹೋಗಿ ಮುಳುಗುವ ನೀರಿಗೆ ಸೇರುತ್ತದೆ. ತಲೆಬರಹಗಳು ಎರಡನ್ನೂ ಒಂದೇ ಮಾಡಿಬಿಡುತ್ತವೆ.

ಅಮೋಕ್ ನಿಜವಾಗಿ ನಿಧಾನವಾಗುತ್ತಿದೆಯಾ?

ಗ್ರೀನ್‌ಲ್ಯಾಂಡ್‌ನ ದಕ್ಷಿಣಕ್ಕೆ ಸಾಗರದ ಒಂದು ತುಣುಕು ಕಳೆದ ನೂರು ವರ್ಷದಲ್ಲಿ ಬಿಸಿಯಾಗುವ ಬದಲು ತಣ್ಣಗಾಗಿದೆ. ಉತ್ತರಕ್ಕೆ ಬರುವ ಶಾಖ ಕಡಿಮೆಯಾಗಿದೆ ಅನ್ನುವುದಕ್ಕೆ ಇದನ್ನು ಸಾಕ್ಷಿಯಾಗಿ ಕೆಲವರು ತೋರಿಸುತ್ತಾರೆ. ಗಾಳಿ, ಮೋಡದ ಬದಲಾವಣೆಯೂ ಇದಕ್ಕೆ ಕಾರಣ ಅಂತ ಇನ್ನು ಕೆಲವರು. ರಾಪಿಡ್‌ನ ದಾಖಲೆಯಲ್ಲಿ ಸ್ವಲ್ಪ ಇಳಿಕೆ ಕಾಣುತ್ತದೆ. ಆದರೆ ವರ್ಷದಿಂದ ವರ್ಷಕ್ಕೆ ಇಷ್ಟು ಏರಿಳಿಯುವ ಹರಿವಿನಲ್ಲಿ ಇಪ್ಪತ್ತು ವರ್ಷ ಕಡಿಮೆ ಅವಧಿ.

ಮುಂದಿನದರ ಬಗ್ಗೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಎರಡು ಮಾತು ಹೇಳಿತು. ಈ ಶತಮಾನದಲ್ಲಿ ಅಮೋಕ್ ಕುಗ್ಗುವುದು ಬಹುಮಟ್ಟಿಗೆ ಖಚಿತ. 2100ರ ಒಳಗೆ ಹಠಾತ್ತಾಗಿ ಕುಸಿಯುವುದಿಲ್ಲ ಅನ್ನುವುದಕ್ಕೆ ಮಧ್ಯಮ ಮಟ್ಟದ ಭರವಸೆ ಇದೆ. 2023ರಲ್ಲಿ ಡೆನ್ಮಾರ್ಕ್‌ನ ಇಬ್ಬರು ಸಂಶೋಧಕರು, ಈ ಶತಮಾನದ ನಡುವೆಯೇ ಕುಸಿತ ಆಗಬಹುದು ಅಂದರು. ಅವರು ಆಧಾರ ಮಾಡಿಕೊಂಡದ್ದು ಮೇಲ್ಮೈ ಉಷ್ಣಾಂಶವನ್ನು, ಹರಿವನ್ನು ನೇರವಾಗಿ ಅಳೆದ ಅಂಕಿಯನ್ನಲ್ಲ. ನನ್ನ ಮಟ್ಟಿಗೆ ಇಸವಿ ಹೇಳುವ ಸುದ್ದಿಗಳನ್ನು ಓದುವಾಗ, ಅದು ಯಾವ ಅಳತೆಯ ಮೇಲೆ ನಿಂತಿದೆ ಅಂತ ಮೊದಲು ನೋಡುತ್ತೇನೆ.

ನಮ್ಮ ಮುಂಗಾರಿಗೂ ಇದಕ್ಕೂ ಏನಾದರೂ ಸಂಬಂಧ?

ಇದೆ. ಅಮೋಕ್ ದಕ್ಷಿಣಾರ್ಧದಿಂದ ಉತ್ತರಾರ್ಧಕ್ಕೆ ಶಾಖ ಸಾಗಿಸುತ್ತದೆ. ಅದು ಕುಗ್ಗಿದರೆ ಉತ್ತರ ತಣ್ಣಗಾಗುತ್ತದೆ, ದಕ್ಷಿಣದಲ್ಲಿ ಶಾಖ ಉಳಿಯುತ್ತದೆ. ಉಷ್ಣವಲಯದ ಮಳೆಯ ಪಟ್ಟಿ ಬಿಸಿ ಇರುವ ಕಡೆಗೆ, ಅಂದರೆ ದಕ್ಷಿಣಕ್ಕೆ ಸರಿಯುತ್ತದೆ. ಭಾರತದ ಮುಂಗಾರು ದುರ್ಬಲವಾಗುತ್ತದೆ.

ಇದು ಕಂಪ್ಯೂಟರ್ ಮಾದರಿಯ ಮಾತಷ್ಟೇ ಅಲ್ಲ. ಸುಮಾರು 12,900 ವರ್ಷದಿಂದ 11,700 ವರ್ಷದ ಹಿಂದೆ, ಹಿಮಯುಗ ಮುಗಿಯುತ್ತಿದ್ದಾಗ, ಉತ್ತರ ಅಟ್ಲಾಂಟಿಕ್ ಸುತ್ತ ಮತ್ತೆ ಕಡುಚಳಿ ಬಂತು. ಕರಗುತ್ತಿದ್ದ ಹಿಮದ ಸಿಹಿನೀರು ಸೇರಿ ಅಮೋಕ್ ಕುಗ್ಗಿತ್ತು ಅನ್ನುವುದಕ್ಕೆ ತಳದ ಕೆಸರಿನಲ್ಲಿ ಸಾಕ್ಷಿ ಇದೆ. ಮೇಘಾಲಯದ ಮಾವ್ಮ್ಲುಹ್ ಗುಹೆಯಲ್ಲಿ ಸುಣ್ಣದ ಕಲ್ಲಿನ ಕಂಬಗಳು ಪದರ ಪದರವಾಗಿ ಬೆಳೆದಿವೆ. ಮಳೆಯ ನೀರಿನ ಆಮ್ಲಜನಕದ ಗುರುತು ಅವುಗಳಲ್ಲಿ ಉಳಿದಿದೆ. ಅದೇ ಕಾಲದ ಪದರಗಳಲ್ಲಿ ಮುಂಗಾರು ಸೊರಗಿದ್ದು ಕಾಣುತ್ತದೆ. ಅರಬ್ಬಿ ಸಮುದ್ರದ ಕೆಸರಿನ ದಾಖಲೆಗಳೂ ಇದನ್ನೇ ಹೇಳುತ್ತವೆ.

ಆದರೆ ಒಂದು ವರ್ಷ ಮಳೆ ಕೈಕೊಟ್ಟರೆ ಅದನ್ನು ಅಮೋಕ್ ತಲೆಗೆ ಕಟ್ಟಬೇಡಿ. ವರ್ಷದಿಂದ ವರ್ಷಕ್ಕಿನ ಏರುಪೇರಿಗೆ ಪೆಸಿಫಿಕ್‌ನ ಎಲ್ ನಿನೊ, ಹಿಂದೂ ಮಹಾಸಾಗರದ ಬಿಸಿ-ತಂಪಿನ ಆಟ ಇಂಥವು ಕಾರಣ. ಅಮೋಕ್‌ನ ಪ್ರಭಾವ ದಶಕ, ಶತಮಾನಗಳ ಲೆಕ್ಕದ್ದು.